ಪಾದ ಎಲ್ಲಿ ಬಿತ್ತು? ಚಿತ್ರದಲ್ಲಿ ಮಾತ್ರ ಇರುವ ದತ್ತವನ್ನು ಓದುವ ಬಗೆ

(ಪ್ರೌಢಶಾಲಾ ಗಣಿತ ಶಿಕ್ಷಕರು ಮತ್ತು ಪೋಷಕರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಈ ಮಾತುಗಳನ್ನು ಆಡುವಾಗ ನನ್ನ ಹಿಂದೆ ಕರಿಹಲಗೆ ಇತ್ತು, ಕೈಯಲ್ಲಿ ಸೀಮೆಸುಣ್ಣವಿತ್ತು. ಬರಹಕ್ಕೆ ಇಳಿಸುವಾಗ ಎರಡೂ ಇಲ್ಲ. ಆದ್ದರಿಂದ ಓದುವವರು ಒಂದು ಹಾಳೆ, ಪೆನ್ಸಿಲ್ಲು, ಸಾಧ್ಯವಾದರೆ ಕೈವಾರವನ್ನೂ ಹತ್ತಿರ ಇಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಚಿತ್ರವನ್ನು ಪೂರ್ತಿಯಾಗಿ ಮಾತಿನಲ್ಲಿ ಹೇಳುವುದು ಎಷ್ಟು ಕಷ್ಟ ಎಂಬುದೇ ಈ ಉಪನ್ಯಾಸದ ಒಂದು ಭಾಗವಾದ್ದರಿಂದ ಹಲಗೆ ಇಲ್ಲದಿರುವುದು ಒಂದು ರೀತಿಯಲ್ಲಿ ಅನುಕೂಲವೇ ಆಯಿತು.

ಕೆಲವು ವರ್ಷಗಳ ಹಿಂದೆ ನಾನು ಹತ್ತನೆಯ ತರಗತಿಗೆ ಮನೆಗೆಲಸವಾಗಿ ಒಂದು ಹಾಳೆ ಕೊಟ್ಟಿದ್ದೆ. ಅದರಲ್ಲಿ ಒಂದು ಚಿತ್ರವಿತ್ತು, ಅದರ ಕೆಳಗೆ ಒಂದೇ ಸಾಲು: "ಚಿತ್ರದಲ್ಲಿ ತೋರಿಸಿರುವ ತ್ರಿಭುಜ ABC ಯ ವಿಸ್ತೀರ್ಣವನ್ನು ಕಂಡುಹಿಡಿಯಿರಿ." ಅಳತೆಗಳೆಲ್ಲ ಚಿತ್ರದ ಮೇಲೆಯೇ ಇದ್ದವು. AB ಯ ಪಕ್ಕದಲ್ಲಿ 13 ಸೆಂ.ಮೀ., AC ಯ ಪಕ್ಕದಲ್ಲಿ 15 ಸೆಂ.ಮೀ., A ಯಿಂದ BC ಗೆ ಇಳಿದ ಗೆರೆ AD ಯ ಪಕ್ಕದಲ್ಲಿ 12 ಸೆಂ.ಮೀ., ಮತ್ತು D ಯಲ್ಲಿ ಲಂಬಕೋನವನ್ನು ಸೂಚಿಸುವ ಪುಟ್ಟ ಚೌಕ. ಆ ದಿನ ಗೈರುಹಾಜರಾಗಿದ್ದ ಹುಡುಗಿಯೊಬ್ಬಳಿಗೆ ಅವಳ ಗೆಳತಿ ಸಂಜೆ ಫೋನಿನಲ್ಲಿ ಈ ಲೆಕ್ಕವನ್ನು ಓದಿ ಹೇಳಿದಳು. ಮರುದಿನ ಇಬ್ಬರೂ ಪುಸ್ತಕ ಹಿಡಿದು ನನ್ನ ಮುಂದೆ ನಿಂತರು. ಒಬ್ಬಳ ಉತ್ತರ 84 ಚದರ ಸೆಂ.ಮೀ., ಇನ್ನೊಬ್ಬಳದು 24.

"ಸಾರ್, ಎಲ್ಲಿ ತಪ್ಪಾಗಿದೆ ಅಂತ ಗೊತ್ತಾಗ್ತಿಲ್ಲ. ಮೂರು ಸಲ ಮಾಡಿದೆ, ಮೂರು ಸಲವೂ 24 ಬಂತು."

"ಚಿತ್ರ ನೋಡಿದ್ದೀಯೇನಮ್ಮಾ?"

"ಇಲ್ಲ ಸಾರ್. ಇವಳು ಹೇಳಿದ ಹಾಗೆ ನಾನೇ ಬರೆದುಕೊಂಡೆ."

ಅವಳ ಪುಸ್ತಕವನ್ನು ತೆಗೆದುಕೊಂಡು ನೋಡಿದೆ. ಅವಳು ಬಹಳ ಶಿಸ್ತಾಗಿ ಕೆಲಸ ಮಾಡಿದ್ದಳು. ಮೊದಲು ಒಂದು ಅಡ್ಡಗೆರೆ ಎಳೆದು, ಅದರ ಮೇಲೆ D ಗುರುತಿಸಿ, ಅಲ್ಲಿಂದ 12 ಸೆಂ.ಮೀ. ಲಂಬ ಎಬ್ಬಿಸಿ A ಯನ್ನು ಇಟ್ಟಿದ್ದಳು. A ಯಲ್ಲಿ ಕೈವಾರದ ಮುಳ್ಳು ಊರಿ, 13 ಸೆಂ.ಮೀ. ತ್ರಿಜ್ಯದಿಂದ ಅಡ್ಡಗೆರೆಯನ್ನು ಕತ್ತರಿಸಿ B ಯನ್ನು ಪಡೆದಿದ್ದಳು, 15 ಸೆಂ.ಮೀ. ತ್ರಿಜ್ಯದಿಂದ ಕತ್ತರಿಸಿ C ಯನ್ನು ಪಡೆದಿದ್ದಳು. ಪ್ರತಿಯೊಂದು ಕಂಸವೂ ಅಡ್ಡಗೆರೆಯನ್ನು D ಯ ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ, ಹೀಗೆ ಎರಡು ಕಡೆ ಕತ್ತರಿಸುತ್ತದೆ. ಅವಳು ಎರಡೂ ಸಲ ಬಲಗಡೆಯ ಬಿಂದುವನ್ನೇ ಆರಿಸಿಕೊಂಡಿದ್ದಳು. ಪೈಥಾಗೊರಸ್ ಪ್ರಮೇಯದ ಪ್ರಕಾರ BD = 5, DC = 9. ಇಷ್ಟರವರೆಗೆ ಇಬ್ಬರ ಲೆಕ್ಕವೂ ಒಂದೇ. ಚಿತ್ರ ನೋಡಿದವಳಿಗೆ D ಯು B ಮತ್ತು C ಗಳ ನಡುವೆ ಇತ್ತು; ಆದ್ದರಿಂದ ಅವಳು ಕೂಡಿಸಿದಳು, BC = 14, ವಿಸ್ತೀರ್ಣ 84. ಚಿತ್ರ ನೋಡದವಳ ಹಾಳೆಯಲ್ಲಿ B ಮತ್ತು C ಎರಡೂ D ಯ ಒಂದೇ ಪಕ್ಕದಲ್ಲಿದ್ದವು; ಅವಳು ಕಳೆದಳು, BC = 4, ವಿಸ್ತೀರ್ಣ 24. ಬಾಹುಗಳು 4, 13, 15 ಇರುವ ತ್ರಿಭುಜ ನಿಜವಾಗಿಯೂ ಇದೆ. ಅದರಲ್ಲಿ B ಯ ಕೋನ ವಿಶಾಲಕೋನ, A ಯಿಂದ ಇಳಿಸಿದ ಲಂಬದ ಪಾದ CB ಯನ್ನು ಮುಂದುವರಿಸಿದ ಗೆರೆಯ ಮೇಲೆ ತ್ರಿಭುಜದ ಹೊರಗೆ ಬೀಳುತ್ತದೆ, ಎತ್ತರ 12 ಸೆಂ.ಮೀ.ಯೇ. ಅವಳ ಲೆಕ್ಕದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ.

ಫೋನಿನಲ್ಲಿ ಓದಿ ಹೇಳಿದವಳು ಒಂದು ಸಂಖ್ಯೆಯನ್ನೂ ಬಿಟ್ಟಿರಲಿಲ್ಲ. ಅವಳು ಬಿಟ್ಟದ್ದು ಸಂಖ್ಯೆಯಲ್ಲದ ಒಂದು ದತ್ತವನ್ನು: ಗೆರೆಯ ಮೇಲೆ ಬಿಂದುಗಳು ನಿಂತಿರುವ ಅನುಕ್ರಮವನ್ನು. ಅದು ಕಣ್ಣಿಗೆ ಎಷ್ಟು ಸಹಜವಾಗಿ ಕಾಣುತ್ತದೆಂದರೆ, ತಾನು ಅದನ್ನು ಓದುತ್ತಿದ್ದೇನೆ ಎಂಬ ಅರಿವೇ ಓದುವವರಿಗೆ ಇರುವುದಿಲ್ಲ. ಚಿತ್ರದಲ್ಲಿ ಬರೆದಿರುವುದು ಒಂದು, ಚಿತ್ರದ ರಚನೆಯಲ್ಲಿ ಇರುವುದು ಇನ್ನೊಂದು, ಕಣ್ಣಿಗೆ ಹಾಗೆ ಕಾಣುವುದು ಮತ್ತೊಂದು. ಬಾಹುವಿನ ಪಕ್ಕದ 13, ಲಂಬಕೋನದ ಚೌಕ, ಸಮ ಬಾಹುಗಳ ಮೇಲಿನ ಅಡ್ಡಗೀಟು, ಸಮಾಂತರ ಗೆರೆಗಳ ಮೇಲಿನ ಬಾಣದ ಗುರುತು, ಇವು ಬರೆದಿರುವಂಥವು. ಯಾವ ಬಿಂದು ಯಾವ ಗೆರೆಯ ಮೇಲಿದೆ, ಯಾವುದರ ನಡುವೆ ಯಾವುದಿದೆ, ಯಾವ ಬಿಂದು ಆಕೃತಿಯ ಒಳಗಿದೆ, ಇವು ರಚನೆಯಲ್ಲಿ ಇರುವಂಥವು. "ಈ ಕೋನ ಸುಮಾರು 60 ಡಿಗ್ರಿ ಇದ್ದಂತಿದೆ", "ಈ ಎರಡು ಗೆರೆ ಸಮ ಇದ್ದಂತಿವೆ" ಎನ್ನುವುದು ಕಾಣುವಂಥದ್ದು. ಮೊದಲ ಎರಡನ್ನು ದತ್ತವೆಂದು ಸ್ವೀಕರಿಸಬೇಕು, ಮೂರನೆಯದನ್ನು ಸ್ವೀಕರಿಸಬಾರದು. ಇದು ನನ್ನ ಸ್ವಂತ ಕಟ್ಟಳೆಯಲ್ಲ. ಅಮೆರಿಕದ ಜಿ.ಆರ್.ಇ. ಪರೀಕ್ಷೆಯ ಸೂಚನೆಗಳಲ್ಲಿ ಇದನ್ನು ಬಿಡಿಸಿ ಹೇಳಿರುತ್ತಾರೆ: ರೇಖಾಗಣಿತದ ಚಿತ್ರಗಳು ಅಳತೆಗೆ ಸರಿಯಾಗಿಯೇ ಇರಬೇಕೆಂದಿಲ್ಲ, ಆದರೆ ನೇರವಾಗಿ ಕಾಣುವ ಗೆರೆ ನೇರವೇ, ಗೆರೆಯ ಮೇಲಿನ ಬಿಂದುಗಳು ತೋರಿಸಿದ ಅನುಕ್ರಮದಲ್ಲಿಯೇ ಇವೆ. ನಮ್ಮ ಪಠ್ಯಪುಸ್ತಕಗಳೂ ಇದೇ ಒಪ್ಪಂದವನ್ನು ಪಾಲಿಸುತ್ತವೆ, ಬಾಯಿಬಿಟ್ಟು ಹೇಳುವುದು ಕಡಿಮೆ.

13, 14, 15ರ ಈ ತ್ರಿಭುಜ ನಮಗೆ ಹೊಸದೇನಲ್ಲ. 1150ರಲ್ಲಿ ರಚಿತವಾದ ಲೀಲಾವತಿಯಲ್ಲಿ ಭಾಸ್ಕರಾಚಾರ್ಯರು ಇದನ್ನೇ ಉದಾಹರಣೆಯಾಗಿ ಕೊಡುತ್ತಾರೆ: ಭೂಮಿ ಎಂದರೆ ತಳದ ಬಾಹು 14, ಉಳಿದ ಎರಡು ಭುಜಗಳು 13 ಮತ್ತು 15. ಪಾದವು ಭೂಮಿಯನ್ನು ಒಡೆಯುವ ಎರಡು ತುಂಡುಗಳಿಗೆ ಅವರು ಬಳಸುವ ಹೆಸರು ಆಬಾಧೆ. ಭುಜಗಳ ಮೊತ್ತವನ್ನು ಭುಜಗಳ ವ್ಯತ್ಯಾಸದಿಂದ ಗುಣಿಸಿ, ಭೂಮಿಯಿಂದ ಭಾಗಿಸಿದರೆ 28 × 2 ÷ 14 = 4. ಅದನ್ನು ಭೂಮಿಗೆ ಕೂಡಿಸಿ ಅರ್ಧ ಮಾಡಿದರೆ 9, ಕಳೆದು ಅರ್ಧ ಮಾಡಿದರೆ 5. ಇವೇ ಎರಡು ಆಬಾಧೆಗಳು. ಇದಕ್ಕಿಂತ ನನ್ನನ್ನು ಹೆಚ್ಚು ಸೆಳೆದದ್ದು ಅದೇ ಪ್ರಕರಣದ ಇನ್ನೊಂದು ಉದಾಹರಣೆ: ಭುಜಗಳು 10 ಮತ್ತು 17, ಭೂಮಿ 9. ಅದೇ ಸೂತ್ರದಂತೆ 27 × 7 ÷ 9 = 21. ಕೂಡಿಸಿ ಅರ್ಧ ಮಾಡಿದರೆ 15. ಆದರೆ 9ರಲ್ಲಿ 21 ಕಳೆಯಲಾಗುವುದಿಲ್ಲ. 21ರಲ್ಲಿ 9 ಕಳೆದು ಅರ್ಧ ಮಾಡಿದರೆ 6, ಅದು ಋಣ ಆಬಾಧೆ. ಋಣ ಎಂದರೆ ದಿಕ್ಕು ಉಲ್ಟಾ ಎಂದರ್ಥ ಎಂದು ಅಲ್ಲಿಯೇ ವಿವರಣೆ ಇದೆ. ಪಾದ ಹೊರಗೆ ಬಿದ್ದಿದೆ. ಎತ್ತರ 8, ವಿಸ್ತೀರ್ಣ 36. ಅಂದರೆ ಚಿತ್ರದಲ್ಲಿ "ಎಡಕ್ಕೋ ಬಲಕ್ಕೋ" ಎಂದು ಕಣ್ಣು ಓದುವ ಮಾಹಿತಿಯನ್ನು ಅವರು ಸಂಖ್ಯೆಯ ಚಿಹ್ನೆಯೊಳಗೆ ಸೇರಿಸಿದ್ದಾರೆ. ಚಿತ್ರ ಇಲ್ಲದಿದ್ದರೂ ಅನುಕ್ರಮ ಕಳೆದುಹೋಗದಂತೆ ಕಾಪಾಡುವ ಉಪಾಯ ಅದು. ಅವರು ಮೂರು ಬಾಹುಗಳನ್ನೂ ಕೊಟ್ಟಿದ್ದರಿಂದ ಪಾದದ ಸ್ಥಾನ ಲೆಕ್ಕದಿಂದಲೇ ಹೊರಬಂತು. ನನ್ನ ಹಾಳೆಯಲ್ಲಿ ಎರಡು ಬಾಹು ಮತ್ತು ಎತ್ತರ ಮಾತ್ರ ಇದ್ದವು. ಅಲ್ಲಿ ಲೆಕ್ಕಕ್ಕೆ ಆ ಶಕ್ತಿ ಇಲ್ಲ, ಚಿತ್ರವೇ ಹೇಳಬೇಕು.

ಅನುಕ್ರಮವನ್ನು ತಪ್ಪಾಗಿ ಬರೆದ ಚಿತ್ರ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ ಇದೇ ತ್ರಿಭುಜವನ್ನು ಬಳಸಿಕೊಳ್ಳುತ್ತೇನೆ. "ಎಲ್ಲ ತ್ರಿಭುಜಗಳೂ ಸಮದ್ವಿಬಾಹು ತ್ರಿಭುಜಗಳು" ಎಂಬ ಹಳೆಯ ಹುಸಿ ಸಾಧನೆ ಬಹಳ ಜನಕ್ಕೆ ಗೊತ್ತಿರಬಹುದು. A ಕೋನದ ಅರ್ಧಕ ರೇಖೆಯೂ BC ಯ ಲಂಬಾರ್ಧಕವೂ M ಎಂಬ ಬಿಂದುವಿನಲ್ಲಿ ಸೇರುತ್ತವೆ. M ನಿಂದ AB ಗೆ ಲಂಬ ಎಳೆಯಿರಿ, ಪಾದ F. AC ಗೆ ಲಂಬ ಎಳೆಯಿರಿ, ಪಾದ E. ಕೋನಾರ್ಧಕದ ಮೇಲಿನ ಬಿಂದುವಾದ್ದರಿಂದ AF = AE, MF = ME. ಲಂಬಾರ್ಧಕದ ಮೇಲಿನ ಬಿಂದುವಾದ್ದರಿಂದ MB = MC. ಆದ್ದರಿಂದ MFB ಮತ್ತು MEC ಎಂಬ ಲಂಬಕೋನ ತ್ರಿಭುಜಗಳು ಸರ್ವಸಮ, FB = EC. ಕೂಡಿಸಿದರೆ AB = AC. ಹಲಗೆಯ ಮೇಲೆ M ಅನ್ನು ತ್ರಿಭುಜದ ಒಳಗೆ ಬರೆದು ಇಷ್ಟನ್ನೂ ಹೇಳಿದರೆ, ಜಾಣ ವಿದ್ಯಾರ್ಥಿಗಳೂ ಸರ್ವಸಮತೆಯ ಹಂತದಲ್ಲಿ ತಪ್ಪು ಹುಡುಕುತ್ತ ಕುಳಿತುಬಿಡುತ್ತಾರೆ. ತಪ್ಪು ಅಲ್ಲಿಲ್ಲ. ಸರ್ವಸಮತೆಯ ಹಂತಗಳೆಲ್ಲ ಸರಿಯಾಗಿವೆ.

AB = 13, AC = 15 ಎಂದಿಟ್ಟುಕೊಂಡು, ಕೈವಾರದಿಂದ ನಿಖರವಾಗಿ ರಚಿಸಿ ನೋಡಿ. M ತ್ರಿಭುಜದ ಒಳಗೆ ಬರುವುದೇ ಇಲ್ಲ, BC ಯ ಕೆಳಗೆ ಬೀಳುತ್ತದೆ. AF ಮತ್ತು AE ಎರಡೂ 14. AC ಯ ಉದ್ದ 15 ಆದ್ದರಿಂದ E ಬಿಂದು C ಗಿಂತ 1 ಸೆಂ.ಮೀ. ಮೊದಲೇ, ಬಾಹುವಿನ ಮೇಲೆಯೇ ಇದೆ. AB ಯ ಉದ್ದ 13 ಆದ್ದರಿಂದ F ಬಿಂದು B ಯನ್ನು ದಾಟಿ 1 ಸೆಂ.ಮೀ. ಹೊರಗೆ ಹೋಗಿದೆ. FB = EC = 1 ಎಂಬುದು ನಿಜ; ಆದರೆ ಒಂದು ಕಡೆ ಅದನ್ನು ಕೂಡಿಸಬೇಕು, ಇನ್ನೊಂದು ಕಡೆ ಕಳೆಯಬೇಕು. 14 + 1 = 15, 14 − 1 = 13. ಎರಡೂ ಕಡೆ ಕೂಡಿಸಿದ್ದು ಬಾಯಿಮಾತಿನ ತರ್ಕವಲ್ಲ, ಕೈಚಿತ್ರದಿಂದ ಕದ್ದು ತಂದ ದತ್ತ. ಹುಡುಗಿಯರ 84 ಮತ್ತು 24ರ ನಡುವಿನ ವ್ಯತ್ಯಾಸವೂ ಇಂಥದೇ ಒಂದು ಕೂಡು-ಕಳೆ ಚಿಹ್ನೆ. ಯೂಕ್ಲಿಡ್‌ನ ಸಾಧನೆಗಳಲ್ಲಿಯೂ "ನಡುವೆ ಇದೆ" ಎಂಬುದನ್ನು ಅನೇಕ ಕಡೆ ಚಿತ್ರದಿಂದಲೇ ತೆಗೆದುಕೊಳ್ಳಲಾಗಿದೆ. ಅದಕ್ಕೂ ಸ್ವಯಂಸಿದ್ಧಗಳು ಬೇಕು ಎಂದು ಮೋರಿಟ್ಜ್ ಪಾಶ್ 1882ರಲ್ಲಿ ಬರೆದು ತೋರಿಸಿದರು. 1899ರಲ್ಲಿ ಹಿಲ್ಬರ್ಟ್ ಅವನ್ನು ತಮ್ಮ ವ್ಯವಸ್ಥೆಯೊಳಗೆ ಸೇರಿಸಿದರು. ಎರಡು ಸಾವಿರ ವರ್ಷ ಕಣ್ಣಿನ ಮೇಲೆಯೇ ಬಿಟ್ಟಿದ್ದ ಕೆಲಸವನ್ನು ಹದಿನೈದು ವರ್ಷದ ಮಕ್ಕಳು ಗಮನಿಸಲಿಲ್ಲವೆಂದು ಗದರುವುದು ನ್ಯಾಯವಲ್ಲ.

ಇನ್ನು ಬರೆದಿರುವ ಸಂಖ್ಯೆಗಳ ವಿಚಾರ. ಇದು ಸುಲಭವೆಂದು ಕಂಡರೂ ಉತ್ತರಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು ಇಲ್ಲಿಯದೇ. ಅದೇ ತ್ರಿಭುಜದ ಚಿತ್ರದಲ್ಲಿ, ಪಾದದ ಕೆಳಗೆ, C ಯ ಕಡೆಗೆ ಸ್ವಲ್ಪ ಸರಿದು 9 ಎಂದು ಬರೆದಿದೆ ಎಂದುಕೊಳ್ಳಿ. ಆ 9 ಯಾರಿಗೆ ಸೇರಿದ್ದು? DC ಗೋ, ಇಡೀ BC ಗೋ? ಎರಡೂ ತುದಿಗೆ ಬಾಣವಿರುವ ಅಳತೆಗೆರೆ ಇದ್ದರೆ ಸಂಶಯವಿಲ್ಲ, ಆದರೆ ಎಷ್ಟೋ ಚಿತ್ರಗಳಲ್ಲಿ ಅದು ಇರುವುದಿಲ್ಲ. BC ಎಂದು ಓದಿದವರು 9 × 12 ÷ 2 = 54 ಎಂದು ಬರೆದು ಮುಂದೆ ಹೋಗುತ್ತಾರೆ. ಇಂಥಲ್ಲಿ ಚಿತ್ರದ ಮೇಲಿರುವ ಉಳಿದ ಅಳತೆಗಳು ಸಾಕ್ಷಿ ಹೇಳುತ್ತವೆ. DC = 9 ಆದರೆ 81 + 144 = 225, ಅದರ ವರ್ಗಮೂಲ 15, AC ಯ ಪಕ್ಕದಲ್ಲಿ ಬರೆದಿರುವುದೂ 15. BC = 9 ಆದರೆ, BD = 5 ಆದ್ದರಿಂದ DC = 4, ಆಗ AC ಯ ವರ್ಗ 160 ಆಗಬೇಕು, ಅಂದರೆ AC 12.6ಕ್ಕೆ ಹತ್ತಿರ. ಅದು 15ರೊಂದಿಗೆ ಹೊಂದುವುದಿಲ್ಲ. ಚಿತ್ರದಲ್ಲಿ ಅಗತ್ಯಕ್ಕಿಂತ ಒಂದು ಅಳತೆ ಹೆಚ್ಚು ಇದ್ದರೆ ಅದನ್ನು ಲೆಕ್ಕಕ್ಕೆ ಬೇಡವೆಂದು ಬಿಡುವ ಬದಲು, ಉಳಿದ ಸಂಖ್ಯೆಗಳನ್ನು ಸರಿಯಾದ ಗೆರೆಗೆ ಅಂಟಿಸಿದ್ದೇವೆಯೇ ಎಂದು ಪರೀಕ್ಷಿಸಲು ಬಳಸಿಕೊಳ್ಳಬೇಕು.

ಸ್ಕೇಲು ಇಟ್ಟು ಅಳೆಯಬಹುದೇ ಎಂದು ಸಭೆಯಲ್ಲಿ ಪೋಷಕರೊಬ್ಬರು ಕೇಳಿದರು. ಉತ್ತರ ಬರೆಯುವುದಕ್ಕೆ ಅಳೆಯಬಾರದು, ಬಂದ ಉತ್ತರವನ್ನು ಅನುಮಾನಿಸುವುದಕ್ಕೆ ಅಳೆಯಬಹುದು ಎಂಬುದು ನನ್ನ ಅಭಿಪ್ರಾಯ. ಅದಕ್ಕೂ ಮೊದಲು ಚಿತ್ರ ಅಳತೆಗೆ ಸರಿಯಾಗಿದೆಯೇ ಎಂದು ನೋಡಬೇಕು. 13 ಎಂದು ಬರೆದಿರುವ ಬಾಹು ಹಾಳೆಯ ಮೇಲೆ 52 ಮಿ.ಮೀ. ಇದ್ದರೆ ಒಂದು ಸೆಂ.ಮೀ.ಗೆ 4 ಮಿ.ಮೀ. ಬಿತ್ತು, ಹಾಗಾದರೆ 15ರ ಬಾಹು 60 ಮಿ.ಮೀ. ಇರಬೇಕು, ಎತ್ತರ 48 ಇರಬೇಕು. 15ರ ಬಾಹು 53 ಮಿ.ಮೀ. ಮಾತ್ರ ಇದ್ದರೆ ಆ ಚಿತ್ರ ಕೇವಲ ಸೂಚಕ, ಸ್ಕೇಲನ್ನು ಒಳಗಿಡಿ. ಈಗ ಫೋನಿನಲ್ಲಿ ಬರುವ ಚಿತ್ರಗಳಲ್ಲಿ ಇನ್ನೊಂದು ತೊಂದರೆ ಸೇರಿದೆ. ಯಾರೋ ಚಿತ್ರವನ್ನು ಪುಟಕ್ಕೆ ಹೊಂದಿಸಲು ಅಡ್ಡಕ್ಕೆ ಎಳೆದಿರುತ್ತಾರೆ. ಆಗ ಅಡ್ಡ ಅಳತೆಗಳು ಹಿಗ್ಗುತ್ತವೆ, ನಿಲುವಿನ ಅಳತೆಗಳು ಹಾಗೆಯೇ ಉಳಿಯುತ್ತವೆ. ನಮ್ಮ ಚಿತ್ರವನ್ನು ಕಾಲು ಪಾಲು ಅಗಲಿಸಿದರೆ BD 20ರ ಬದಲು 25 ಮಿ.ಮೀ. ಆಗುತ್ತದೆ, AD 48ರಲ್ಲಿಯೇ ಇರುತ್ತದೆ, AB ಸುಮಾರು 54 ಆಗುತ್ತದೆ. D ಯ ಲಂಬಕೋನ ಕೆಡುವುದಿಲ್ಲ, ಏಕೆಂದರೆ ಅದರ ಎರಡು ಗೆರೆಗಳು ನೇರ ಅಡ್ಡಕ್ಕೂ ನೇರ ನಿಲುವಿಗೂ ಇವೆ; ಓರೆಯಾಗಿ ನಿಂತ ಲಂಬಕೋನವಿದ್ದಿದ್ದರೆ ಕೆಡುತ್ತಿತ್ತು. ಚಿತ್ರದಲ್ಲಿ ಒಂದು ವೃತ್ತವಿದ್ದರೆ ಪತ್ತೆ ಸುಲಭ: ಅದು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ.

ಕಣ್ಣನ್ನು ಎಷ್ಟು ನಂಬಬಹುದು ಎಂಬುದಕ್ಕೆ ಒಂದು ಮಿತಿಯನ್ನು ಸಂಖ್ಯೆಯಲ್ಲಿಯೇ ಹೇಳಿಬಿಡಬಹುದು. ಚೌಕುಳಿ ಹಾಳೆಯ ಮೇಲೆ 8 × 8ರ ವರ್ಗವನ್ನು ನಾಲ್ಕು ತುಂಡು ಮಾಡಿ 5 × 13ರ ಆಯತವಾಗಿ ಜೋಡಿಸುವ ಆಟ ಹಳೆಯದು. 64 ಚೌಕ 65 ಆಗಿಬಿಡುತ್ತದೆ. ವರ್ಗವನ್ನು 8 × 3 ಮತ್ತು 8 × 5 ಎಂದು ಎರಡು ಪಟ್ಟಿ ಮಾಡಿ, ಮೊದಲನೆಯದನ್ನು ಕರ್ಣದ ಉದ್ದಕ್ಕೆ ಕತ್ತರಿಸಿ ಎರಡು ತ್ರಿಭುಜ ಮಾಡಬೇಕು. ಎರಡನೆಯದನ್ನು ಸಮಾಂತರ ಬಾಹುಗಳು 3 ಮತ್ತು 5 ಇರುವ ಎರಡು ತ್ರಾಪಿಜ್ಯಗಳಾಗಿ ಓರೆಯಾಗಿ ಕತ್ತರಿಸಬೇಕು. ನಾನು ರಟ್ಟಿನಲ್ಲಿ ಕತ್ತರಿಸಿ ಸಭೆಯಲ್ಲಿ ಹಂಚಿದ್ದೆ. ಜೋಡಿಸಿದವರೆಲ್ಲ ಆಯತದ ಕರ್ಣ ಒಂದೇ ನೇರ ಗೆರೆ ಎಂದರು. ಆದರೆ ಚೌಕಗಳನ್ನು ಎಣಿಸಿದರೆ ತ್ರಿಭುಜದ ಓರೆ 8ಕ್ಕೆ 3 ಏರುತ್ತದೆ, ಅಂದರೆ 0.375, ತ್ರಾಪಿಜ್ಯದ ಓರೆ 5ಕ್ಕೆ 2 ಏರುತ್ತದೆ, ಅಂದರೆ 0.4. ಎರಡು ಓರೆಗಳು ಬೇರೆ ಬೇರೆ, ಆದ್ದರಿಂದ ಅವು ಒಂದೇ ನೇರ ಗೆರೆಯಾಗಲಾರವು. ನಡುವೆ ತೆಳ್ಳಗಿನ ಸಮಾಂತರ ಚತುರ್ಭುಜದ ಸೀಳು ಇದೆ, ಅದರ ವಿಸ್ತೀರ್ಣ ಸರಿಯಾಗಿ 1 ಚೌಕ. ಒಂದು ಚೌಕ 1 ಸೆಂ.ಮೀ. ಇರುವ ಹಾಳೆಯಲ್ಲಿ ತುಂಡುಗಳು ಸೇರುವ ಮೂಲೆ ನಿಜವಾದ ಕರ್ಣದಿಂದ ಸರಿದಿರುವುದು ಸುಮಾರು 0.7 ಮಿ.ಮೀ. ಅಷ್ಟೇ. ಸಾಮಾನ್ಯ ಪೆನ್ಸಿಲ್ ಗೆರೆಯ ದಪ್ಪವೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಇಲ್ಲಿ ಮೊದಲು ಹೇಳಿದ ಕಟ್ಟಳೆಗೆ ಒಂದು ತಿದ್ದುಪಡಿ ಬೇಕಾಗುತ್ತದೆ. "ನೇರವಾಗಿ ಕಾಣುವ ಗೆರೆ ನೇರವೇ" ಎಂಬುದು ಪ್ರಶ್ನೆ ಕೊಟ್ಟವರು ಎಳೆದ ಗೆರೆಗೆ ಸಲ್ಲುತ್ತದೆ, ತುಂಡುಗಳನ್ನು ಜೋಡಿಸಿದಾಗ ತಾನಾಗಿ ಮೂಡಿದ ಗೆರೆಗೆ ಸಲ್ಲುವುದಿಲ್ಲ. ಚೌಕುಳಿ ಇರುವ ಚಿತ್ರದಲ್ಲಿ ಗೆರೆಯನ್ನು ನೋಡುವ ಬದಲು, ಗೆರೆ ಚೌಕಗಳ ಮೂಲೆಯ ಮೇಲೆ ಸರಿಯಾಗಿ ಹಾದುಹೋಗುವ ಬಿಂದುಗಳನ್ನು ಓದಬೇಕು. ಅಲ್ಲಿ ಎಣಿಕೆ ನಿಖರ. ಎರಡು ಮೂಲೆಗಳ ನಡುವೆ ಎಷ್ಟು ಅಡ್ಡ, ಎಷ್ಟು ಎತ್ತರ ಎಂದು ಎಣಿಸಿದರೆ ಓರೆ ಎಷ್ಟೆಂದು ಅಂದಾಜಿಲ್ಲದೆ ಸಿಗುತ್ತದೆ.

ತರಗತಿಯಲ್ಲಿ ಇದನ್ನು ಹೇಗೆ ರೂಢಿಸುವುದು ಎಂದರೆ, ನಾನು ಮಾಡುವುದು ಇಷ್ಟೇ. ನಮ್ಮ ಹಳೆಯ ಪಠ್ಯಗಳಲ್ಲಿ ಪ್ರಮೇಯಕ್ಕೆ ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಸಾಲುಗಳಿರುತ್ತಿದ್ದವು. ಚಿತ್ರದ ಲೆಕ್ಕಕ್ಕೂ "ದತ್ತ" ಎಂಬ ಸಾಲನ್ನು ಬರೆಸುತ್ತೇನೆ, ಬರೆದ ಮೇಲೆ ಚಿತ್ರವನ್ನು ಮುಚ್ಚಿಸುತ್ತೇನೆ. ಪಕ್ಕದಲ್ಲಿ ಕುಳಿತವರು ಆ ದತ್ತವನ್ನು ಮಾತ್ರ ಓದಿ ಚಿತ್ರವನ್ನು ಮರಳಿ ಬರೆಯಬೇಕು. ಆಕೃತಿ ಬೇರೆಯಾಗಿ ಬಂದರೆ ದತ್ತದಲ್ಲಿ ಏನೋ ಬಿಟ್ಟುಹೋಗಿದೆ. ದೃಷ್ಟಿದೋಷವಿರುವ ವಿದ್ಯಾರ್ಥಿಗೆ ಲಿಪಿಕಾರರು ಪ್ರಶ್ನೆ ಓದಿ ಹೇಳುವಾಗ ಆಗಬೇಕಾದದ್ದೂ ಇದೇ, ಅಲ್ಲಿ ಬಿಟ್ಟುಹೋದದ್ದಕ್ಕೆ ಅಂಕ ಕಳೆದುಕೊಳ್ಳುವವರು ಲಿಪಿಕಾರರಲ್ಲ. ಬರೀ ಸಂಖ್ಯೆಗಳನ್ನು ಓದಿ "ಚಿತ್ರ ಇದೆ" ಎಂದು ಮುಂದಕ್ಕೆ ಹೋಗುವವರನ್ನು ನಾನು ಕಂಡಿದ್ದೇನೆ. ಅವರಿಗೆ ಯಾರೂ ಕಲಿಸಿರುವುದಿಲ್ಲ.

ಅಂದು ಆ ಇಬ್ಬರು ಹುಡುಗಿಯರಿಗೂ ಪೂರ್ಣ ಅಂಕ ಕೊಟ್ಟೆ. ಫೋನಿನಲ್ಲಿ ಓದಿ ಹೇಳಿದವಳಿಗೆ, ಈಗ ಚಿತ್ರ ಮುಚ್ಚಿ ಅದೇ ಲೆಕ್ಕವನ್ನು ಇವಳಿಗೆ ಇನ್ನೊಮ್ಮೆ ಹೇಳು ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ ನಿಧಾನವಾಗಿ ಹೇಳಿದಳು: "ABC ಒಂದು ತ್ರಿಭುಜ. AB 13 ಸೆಂ.ಮೀ., AC 15 ಸೆಂ.ಮೀ. A ಯಿಂದ BC ಗೆ ಎಳೆದ ಲಂಬ AD, ಅದರ ಉದ್ದ 12 ಸೆಂ.ಮೀ. D ಯು B ಗೂ C ಗೂ ನಡುವೆ ಇದೆ." ಇವಳು ಕೈವಾರ ತೆಗೆದುಕೊಂಡು 13ರ ಕಂಸವನ್ನು D ಯ ಎಡಕ್ಕೆ ಎಳೆದಳು.